ಟಾಪರ್ ಪೋಸ್ಟ್‌ನ ಕ್ಯಾಪ್ಷನ್: ಪೋಷಕರ ಸಹಿ ಮೊದಲು, ವಿದ್ಯಾರ್ಥಿಯ ಹೆಸರು ಆಮೇಲೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಅರ್ಧ ಗಂಟೆಯಲ್ಲಿ ಊರಿನ ಕೋಚಿಂಗ್ ಸೆಂಟರ್‌ಗಳ ವಾಟ್ಸಾಪ್ ಸ್ಟೇಟಸ್ ತುಂಬಿಹೋಗುತ್ತದೆ. ಸಂಜೆಯೊಳಗೆ ಇನ್‌ಸ್ಟಾಗ್ರಾಂ ಪೋಸ್ಟ್, ಮರುದಿನ ಸರ್ಕಲ್‌ನಲ್ಲಿ ಫ್ಲೆಕ್ಸ್, ವಾರದೊಳಗೆ ಹೊಸ ಬ್ಯಾಚಿನ ಪಾಂಪ್ಲೆಟ್. ನಾಲ್ಕೂ ಕಡೆ ಅದೇ ಫೋಟೊ, ಅದೇ ಸಾಲುಗಳು. ಡಿಸೈನ್ ಮಾಡುವ ಹುಡುಗ ಕಾಯುತ್ತಿರುತ್ತಾನೆ, ಪಕ್ಕದ ಬೀದಿಯ ಸೆಂಟರ್ ಆಗಲೇ ಪೋಸ್ಟ್ ಹಾಕಿರುತ್ತದೆ, ಅಡ್ಮಿಷನ್ ಫಾರಂಗೆ ಅಂಟಿಸಿದ್ದ ಪಾಸ್‌ಪೋರ್ಟ್ ಫೋಟೊ ಕೈಗೆ ಸಿಗುತ್ತದೆ. ಈ ಗಡಿಬಿಡಿಯಲ್ಲಿ ಮನೆಯವರನ್ನು ಕೇಳುವುದೊಂದು ಬಿಟ್ಟುಹೋಗುತ್ತದೆ. ಯಾರಾದರೂ ಪ್ರಶ್ನಿಸಿದರೆ, ‘ಅಡ್ಮಿಷನ್ ಫಾರಂನಲ್ಲೇ ಸಹಿ ಮಾಡಿಸಿಕೊಂಡಿದ್ದೇವಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ.

ಆ ಸಹಿ ಈ ಕೆಲಸಕ್ಕೆ ಬರುವುದಿಲ್ಲ. ಟಾಪರ್ ಪೋಸ್ಟ್‌ನ ಕ್ಯಾಪ್ಷನ್ ಸರಿಯಾಗಿರಬೇಕಾದರೆ ಮೊದಲು ತಿಳಿಯಬೇಕಾದದ್ದು ಇದನ್ನೇ.

ಅಡ್ಮಿಷನ್ ದಿನದ ಸಹಿ ಯಾಕೆ ಸಲ್ಲದು

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಲ ಇದಕ್ಕಿದೆ. ಅಭ್ಯರ್ಥಿಯ ಹೆಸರು, ಫೋಟೊ, ವಿಡಿಯೊ, ಅನಿಸಿಕೆಯ ಮಾತು ಯಾವುದನ್ನು ಬಳಸುವುದಾದರೂ ಲಿಖಿತ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಅಭ್ಯರ್ಥಿ ಯಶಸ್ಸು ಪಡೆದ ನಂತರವೇ ಪಡೆದಿರಬೇಕು ಎಂದು ಅದು ಹೇಳುತ್ತದೆ. ‘ನಂತರ’ ಎಂಬುದಕ್ಕೆ ಕಾರಣವಿದೆ. ಸೇರುವ ದಿನ ಸೀಟು ಬೇಕಾದವರು ಮನೆಯವರು, ಫಾರಂನಲ್ಲಿ 20 ಷರತ್ತು ಇದ್ದರೂ ಓದದೆ ಸಹಿ ಹಾಕುತ್ತಾರೆ. ಎಷ್ಟು ಅಂಕ ಬರುತ್ತದೆ, ಯಾವ ಫೋಟೊ ಹಾಕುತ್ತಾರೆ, ಎಲ್ಲಿ ಹಾಕುತ್ತಾರೆ ಎಂಬುದು ಆಗ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕೆ ಒಪ್ಪುವುದು ಹೇಗೆ?

ಇದೇ ಮಾರ್ಗಸೂಚಿಯ ಇನ್ನೊಂದು ನಿಯಮ ಕ್ಯಾಪ್ಷನ್‌ಗೆ ನೇರವಾಗಿ ತಟ್ಟುತ್ತದೆ. ಯಶಸ್ವಿ ಅಭ್ಯರ್ಥಿಯ ಫೋಟೊ ಹಾಕಿದರೆ ಅದರ ಜೊತೆಗೇ ಪಡೆದ ರ‍್ಯಾಂಕ್, ಸೇರಿದ್ದ ಕೋರ್ಸಿನ ಹೆಸರು, ಅದರ ಅವಧಿ, ಅದಕ್ಕೆ ಶುಲ್ಕವಿತ್ತೇ ಇಲ್ಲವೇ ಎಂಬುದನ್ನು ಹೇಳಬೇಕು. ಮೂಲೆಯಲ್ಲಿ ಇರುವೆ ಸಾಲಿನಂತೆ ಬರೆದರೆ ಆಗದು. ವಿವರಣೆಯ ಅಕ್ಷರ ಹೇಳಿಕೆಯ ಅಕ್ಷರದಷ್ಟೇ ದೊಡ್ಡದಿರಬೇಕು. ನಾಗರಿಕ ಸೇವಾ ಪರೀಕ್ಷೆಯ ಕೋಚಿಂಗ್ ಸಂಸ್ಥೆಗಳು, ಸಂದರ್ಶನದ ತರಬೇತಿಗಷ್ಟೇ ಬಂದವರನ್ನು ಪೂರ್ತಿ ತಾವೇ ತಯಾರು ಮಾಡಿದವರಂತೆ ತೋರಿಸುತ್ತಿದ್ದವು. ಅದೇ ಈ ನಿಯಮಕ್ಕೆ ದಾರಿಯಾಯಿತು. ಮಾರ್ಗಸೂಚಿ ಬಂದ ಹೊತ್ತಿಗೆ ಪ್ರಾಧಿಕಾರ 45 ನೋಟಿಸ್ ಕೊಟ್ಟು, 18 ಸಂಸ್ಥೆಗಳಿಗೆ ಒಟ್ಟು 54.60 ಲಕ್ಷ ರೂಪಾಯಿ ದಂಡ ಹಾಕಿತ್ತು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿದೆ.

ಈ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ಗಳಿಗೆ. ಮನೆಯ ಮಹಡಿಯಲ್ಲಿ 30 ಮಕ್ಕಳಿಗೆ ಟ್ಯೂಷನ್ ಹೇಳುವವರು ಇದರಿಂದ ಹೊರಗಿದ್ದಾರೆ, ಆದರೆ ಮುಂದೆ ಹೇಳುವ ಖಾಸಗಿ ಮಾಹಿತಿಯ ಕಾಯ್ದೆಗೆ ಅಂಥ ತಲೆಲೆಕ್ಕವಿಲ್ಲ.

17 ವರ್ಷ ಅಂದರೆ ಕಾನೂನಿಗೆ ಮಗು

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು. ಒಪ್ಪಿದವರು ನಿಜಕ್ಕೂ ಪೋಷಕರೇ, ವಯಸ್ಕರೇ ಎಂದು ಪರಿಶೀಲಿಸುವಂತಿರಬೇಕು. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಕೆಲಸಕ್ಕೆ ಇರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಅದಕ್ಕೆ ಷರತ್ತು ಇರಕೂಡದು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತೆಯೂ ಇರಬೇಕು. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು, ಅಂದರೆ ಕನ್ನಡದ ಪೋಷಕರು ಕನ್ನಡದಲ್ಲೇ ಕೇಳಬಹುದು. ಮಕ್ಕಳ ವಿಷಯದ ಹೊಣೆಯಲ್ಲಿ ತಪ್ಪಿದರೆ ದಂಡದ ಗರಿಷ್ಠ ಮಿತಿ 200 ಕೋಟಿ ರೂಪಾಯಿ. ಊರಿನ ಸೆಂಟರ್‌ಗೆ ಅಷ್ಟು ಬೀಳುತ್ತದೆಂದಲ್ಲ. ಕಾನೂನು ಇದನ್ನು ಯಾವ ತೂಕದಲ್ಲಿ ಇಟ್ಟಿದೆ ಎಂಬುದು ಅದರಿಂದ ತಿಳಿಯುತ್ತದೆ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಮಧ್ಯದ ಹೊತ್ತಿಗೆ ಜಾರಿಗೆ ಬರುತ್ತವೆ. ‘ಹಾಗಾದರೆ ಈಗಲೇ ಯಾಕೆ’ ಎನ್ನುವವರು ಎರಡು ವಿಷಯ ಗಮನಿಸಬೇಕು. ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿ ಈಗಾಗಲೇ ಜಾರಿಯಲ್ಲಿದೆ. ಮತ್ತು ಇಂದು ಹಾಕಿದ ಪೋಸ್ಟ್ ಅಂದಿಗೂ ಪೇಜಿನಲ್ಲಿ ಉಳಿದಿರುತ್ತದೆ. ಹಳೆಯ ಒಪ್ಪಿಗೆಯ ಮೇಲೆ ಮಾಹಿತಿ ಇಟ್ಟುಕೊಂಡವರು ಕಾಯ್ದೆ ಜಾರಿಯಾದ ಮೇಲೆ ಸಾಧ್ಯವಾದಷ್ಟು ಬೇಗ ಮನೆಯವರಿಗೆ ತಿಳಿವಳಿಕೆ ಪತ್ರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆಯಲ್ಲ ಎಂಬ ವಾದವೂ ಕೇಳಿಬರುತ್ತದೆ. ನಿಯಮಗಳಲ್ಲಿ ವಿನಾಯಿತಿ ಇರುವುದು ನಿಜ, ಆದರೆ ಅದು ಕಲಿಕೆಯ ಚಟುವಟಿಕೆಗೆ ಮತ್ತು ಮಗುವಿನ ಸುರಕ್ಷತೆಗೆ ಬೇಕಾದ ನಿಗಾಕ್ಕೆ ಮಾತ್ರ. ಹಾಜರಾತಿ ಗಮನಿಸುವುದು ಅದರಡಿ ಬರುತ್ತದೆ. ಮಗುವಿನ ಮುಖ ತೋರಿಸಿ ಮುಂದಿನ ಬ್ಯಾಚಿಗೆ ಜನ ಸೇರಿಸುವುದು ಬರುವುದಿಲ್ಲ.

ಇನ್ನೊಂದು ವಾದ: ‘ಪೇಪರಿನಲ್ಲೇ ಫೋಟೊ ಬಂದಿದೆ, ನಾವು ಹಾಕಿದರೇನು?’ ವ್ಯಕ್ತಿ ತಾನೇ ಬಹಿರಂಗಪಡಿಸಿದ ತನ್ನ ಮಾಹಿತಿಗೆ, ಅಥವಾ ಕಾನೂನಿನ ಬಾಧ್ಯತೆಯಿಂದ ಬಹಿರಂಗವಾದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ವರದಿಗಾರರು ತೆಗೆದ ಫೋಟೊ ಇವೆರಡರಲ್ಲಿ ಯಾವುದೂ ಅಲ್ಲ. ಅದರ ಮೇಲೆ ಪತ್ರಿಕೆಯ ಹಕ್ಕು ಬೇರೆ ಇರುತ್ತದೆ. ಹುಡುಗಿ ತಾನೇ ತನ್ನ ಅಕೌಂಟಿನಲ್ಲಿ ಅಂಕ ಹಾಕಿಕೊಂಡಿದ್ದರೂ, ಜಾಹೀರಾತಿಗೆ ಬಳಸಲು ಗ್ರಾಹಕ ಪ್ರಾಧಿಕಾರ ಕೇಳುವ ಲಿಖಿತ ಒಪ್ಪಿಗೆ ತಪ್ಪುವುದಿಲ್ಲ.

ಒಂದು ಕ್ಯಾಪ್ಷನ್ ಬಿಡಿಸಿ ನೋಡೋಣ

ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರಲ್ಲಿ 180 ಪಿಯು ವಿದ್ಯಾರ್ಥಿಗಳಿರುವ ಸೆಂಟರ್ ಅಂದುಕೊಳ್ಳಿ. 17 ವರ್ಷ 9 ತಿಂಗಳ ಹುಡುಗಿಯೊಬ್ಬಳು ಅಲ್ಲಿ 10 ತಿಂಗಳು ಶನಿವಾರ, ಭಾನುವಾರ ಗಣಿತ ಮತ್ತು ಭೌತಶಾಸ್ತ್ರದ ಟ್ಯೂಷನ್‌ಗೆ ಬಂದಿದ್ದಾಳೆ. ಏಪ್ರಿಲ್‌ನ ಫಲಿತಾಂಶದಲ್ಲಿ ಆಕೆಗೆ 600ಕ್ಕೆ 589. ಸಾಮಾನ್ಯವಾಗಿ ಬರುವ ಕ್ಯಾಪ್ಷನ್ ಹೀಗಿರುತ್ತದೆ:

> ಹೃತ್ಪೂರ್ವಕ ಅಭಿನಂದನೆಗಳು! ನಮ್ಮ ಸಂಸ್ಥೆಯ ಹೆಮ್ಮೆಯ ವಿದ್ಯಾರ್ಥಿನಿ ಕು. (ಪೂರ್ಣ ಹೆಸರು), ಆಟೊ ಚಾಲಕರಾದ ಶ್ರೀ (ತಂದೆಯ ಹೆಸರು) ಅವರ ಪುತ್ರಿ, (ಬಡಾವಣೆ), (ಕಾಲೇಜು), ರಿ.ನಂ. (ಸಂಖ್ಯೆ), ದ್ವಿತೀಯ ಪಿಯುಸಿಯಲ್ಲಿ 589/600 ಪಡೆದು ತಾಲ್ಲೂಕಿಗೆ ಪ್ರಥಮ! ಬಡತನದಲ್ಲಿ ಅರಳಿದ ಪ್ರತಿಭೆ. ನೀವೂ ಟಾಪರ್ ಆಗಬೇಕೆ? ಇಂದೇ ಸೇರಿ.

ಇದರ ಕೆಳಗೆ ಮೊಬೈಲಿನ ಸ್ಕ್ರೀನ್‌ಶಾಟ್: ಆಕೆಯ ಅಂಕಗಳ ಪುಟ.

ಮೊದಲು ರಿಜಿಸ್ಟರ್ ನಂಬರ್. ಪಿಯು ಫಲಿತಾಂಶ ನೋಡಲು karresults.nic.in ಪುಟದಲ್ಲಿ ಕೇಳುವುದು ರಿಜಿಸ್ಟರ್ ನಂಬರ್ ಮತ್ತು ವಿಭಾಗ ಮಾತ್ರ: ವಿಜ್ಞಾನ, ವಾಣಿಜ್ಯ, ಕಲೆ. ಅಂದರೆ ನಂಬರ್ ಸಿಕ್ಕವರಿಗೆ ಆಕೆಯ ಪ್ರತಿ ವಿಷಯದ ಅಂಕ ಸಿಕ್ಕಂತೆ. ಎಸ್ಸೆಸ್ಸೆಲ್ಸಿಗೆ ಜನ್ಮದಿನಾಂಕವನ್ನೂ ಕೇಳುತ್ತದೆ, ಆದರೆ ಸೆಂಟರ್‌ಗಳು ‘ಹುಟ್ಟುಹಬ್ಬದ ಶುಭಾಶಯ’ ಪೋಸ್ಟ್ ಹಾಕುವ ರೂಢಿಯಿಂದ ಅದೂ ಪೇಜಿನಲ್ಲೇ ಇರುತ್ತದೆ. ಅಭಿನಂದನೆಗೆ ಈ ನಂಬರಿನಿಂದ ಯಾವ ಪ್ರಯೋಜನವೂ ಇಲ್ಲ. ಅಂಕ ನಿಜವೆಂದು ತೋರಿಸಲು ಹಾಕುತ್ತೇವೆ ಎನ್ನುತ್ತಾರೆ. ಪುರಾವೆ ಸೆಂಟರ್‌ನ ಕಡತದಲ್ಲಿ ಇದ್ದರೆ ಸಾಕು, ಕೇಳುವ ಅಧಿಕಾರ ಇರುವವರಿಗೆ ತೋರಿಸಬಹುದು.

ಅಂಕಪಟ್ಟಿಯ ಚಿತ್ರ ಇನ್ನೂ ಅಪಾಯ. ನೀಟ್ ಬರೆದವರ ಸ್ಕೋರ್ ಕಾರ್ಡ್ ಹಾಕಿದರೆ ತಂದೆ ತಾಯಿಯ ಹೆಸರು, ಜನ್ಮದಿನಾಂಕ, ಮೀಸಲಾತಿ ವರ್ಗ, ಅಂಗವೈಕಲ್ಯದ ಕಾಲಂ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಸಿಇಟಿ ಸೀಟು ಹಂಚಿಕೆಯ ಪುಟದಲ್ಲಿ 2ಎಜಿ, ಎಸ್‌ಸಿಆರ್ ಎಂಬ ಸಂಕೇತಗಳಿರುತ್ತವೆ. ನಮ್ಮ ಕಡೆ ಅದನ್ನು ಓದಲು ಬಾರದವರು ಕಡಿಮೆ. ‘ಕೆಟಗರಿ ರ‍್ಯಾಂಕ್ 12’ ಎಂದು ಹೆಮ್ಮೆಯಿಂದ ಬರೆದ ಸಾಲು ಹುಡುಗನ ಜಾತಿಯನ್ನು ಅವನು ಮುಂದೆ ಸೇರುವ ಹಾಸ್ಟೆಲಿನವರಿಗೆಲ್ಲ ಮೊದಲೇ ಹೇಳಿಬಿಟ್ಟಿರುತ್ತದೆ. ಅದನ್ನು ಹೇಳಬೇಕೋ ಬೇಡವೋ ಎಂಬುದು ಅವನ ತೀರ್ಮಾನವಾಗಬೇಕಿತ್ತು.

ತಂದೆಯ ಹೆಸರು, ಕೆಲಸ, ಬಡಾವಣೆ ಈ ಮೂರೂ ಸೇರಿದರೆ ಮನೆ ಹುಡುಕುವುದು ಕಷ್ಟವಲ್ಲ. ಫಲಿತಾಂಶದ ನಂತರದ ವಾರಗಳು ಪ್ರವೇಶದ ಕಾಲ. ಸೀಟು ಕೊಡಿಸುತ್ತೇವೆ, ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂದು ಫೋನ್ ಮಾಡುವವರಿಗೆ ‘ನಿಮ್ಮ ಮಗಳಿಗೆ 589 ಬಂದಿದೆಯಲ್ಲ’ ಎಂಬ ಮೊದಲ ವಾಕ್ಯವನ್ನು ಈ ಕ್ಯಾಪ್ಷನ್ನೇ ಒದಗಿಸುತ್ತದೆ. ನಿಜವಾದ ಅಂಕ, ನಿಜವಾದ ಕಾಲೇಜಿನ ಹೆಸರು ಹೇಳಿದವರನ್ನು ಮನೆಯವರು ನಂಬುವುದು ಸಹಜ. ‘ಬಡತನದಲ್ಲಿ ಅರಳಿದ ಪ್ರತಿಭೆ’ ಎಂಬ ಸಾಲನ್ನು ಬರೆದವರು ಮೆಚ್ಚುಗೆಯಿಂದಲೇ ಬರೆದಿರುತ್ತಾರೆ. ಆದರೆ ಮನೆಯ ಆರ್ಥಿಕ ಸ್ಥಿತಿ ಅಂಕದ ಭಾಗವಲ್ಲ; ಫೀಸು ರಿಯಾಯಿತಿ ಕೇಳಲು ಬಂದಾಗ ತಾಯಿ ಆಫೀಸಿನಲ್ಲಿ ನಂಬಿ ಹೇಳಿದ ಮಾತು ಅದು. ಜಾಹೀರಾತಿಗೆ ಅದನ್ನು ಬಳಸುವುದು ತಪ್ಪು, ಅದರಲ್ಲಿ ನನಗೆ ಅನುಮಾನವಿಲ್ಲ.

‘ತಾಲ್ಲೂಕಿಗೆ ಪ್ರಥಮ’ ಎಂಬುದು ಖಾಸಗಿತನದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ. ಫಲಿತಾಂಶ ಬಂದ ಮಧ್ಯಾಹ್ನ ಇದನ್ನು ಲೆಕ್ಕ ಹಾಕಿದವರು ಯಾರು? ಸಾಮಾನ್ಯವಾಗಿ ನಾಲ್ಕು ವಾಟ್ಸಾಪ್ ಗ್ರೂಪ್ ನೋಡಿದ ಸಿಬ್ಬಂದಿ. ಮರುಮೌಲ್ಯಮಾಪನ ಬಾಕಿ ಇರುತ್ತದೆ. 2024ರಿಂದ ಪರೀಕ್ಷೆ-1, 2, 3 ಎಂಬ ವ್ಯವಸ್ಥೆ ಇರುವುದರಿಂದ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವವರೂ ಇದ್ದಾರೆ. ಹಾಗಾಗಿ ‘ಪರೀಕ್ಷೆ-1ರಲ್ಲಿ’ ಎಂದು ಬರೆಯುವುದು ಅಗತ್ಯ, ಸ್ಥಾನದ ಮಾತು ಬಿಡುವುದು ಒಳ್ಳೆಯದು.

ಕೊನೆಗೆ, 589ರ ಪೂರ್ತಿ ಯಶಸ್ಸನ್ನು ಈ ಕ್ಯಾಪ್ಷನ್ ಸೆಂಟರ್‌ಗೆ ಬರೆದುಕೊಂಡಿದೆ. ಆಕೆ ಅಲ್ಲಿ ಕಲಿತದ್ದು ಎರಡು ವಿಷಯ. ರಸಾಯನಶಾಸ್ತ್ರ, ಜೀವಶಾಸ್ತ್ರ, ಎರಡು ಭಾಷೆಗಳನ್ನು ಕಾಲೇಜಿನಲ್ಲಿ ಕಲಿತಳು. ಒಂದೇ ಮುಖ ಮೂರು ಸೆಂಟರ್‌ಗಳ ಫ್ಲೆಕ್ಸ್‌ನಲ್ಲಿ ಕಾಣುವುದು ಹೀಗೆಯೇ: ಒಂದು ಕಡೆ ಟ್ಯೂಷನ್, ಇನ್ನೊಂದು ಕಡೆ ಕ್ರ್ಯಾಶ್ ಕೋರ್ಸ್, ಮತ್ತೊಂದು ಕಡೆ ಟೆಸ್ಟ್ ಸೀರೀಸ್.

ಮೊದಲ ದಿನದ ಪೋಸ್ಟ್, ಒಪ್ಪಿಗೆಯ ನಂತರದ ಪೋಸ್ಟ್

ಫಲಿತಾಂಶದ ದಿನ ಮನೆಯವರಿಂದ ತಿಳಿದು ಕೊಟ್ಟ ಸಹಿ ಪಡೆಯಲು ಸಮಯವಿಲ್ಲ. ಆದ್ದರಿಂದ ಆ ದಿನದ ಪೋಸ್ಟ್‌ನಲ್ಲಿ ಹೆಸರೂ ಇರಬಾರದು, ಫೋಟೊವೂ ಇರಬಾರದು. ಸೆಂಟರ್‌ಗೆ ಹೇಳಲು ಏನೂ ಉಳಿಯುವುದಿಲ್ಲ ಅಂತಲ್ಲ:

> ದ್ವಿತೀಯ ಪಿಯುಸಿ ಪರೀಕ್ಷೆ-1 ಬರೆದ ನಮ್ಮ ಎಲ್ಲ ವಿದ್ಯಾರ್ಥಿಗಳಿಗೆ ಅಭಿನಂದನೆ. ಈ ವರ್ಷ ನಮ್ಮಲ್ಲಿ ಗಣಿತ ಕಲಿತು ಪರೀಕ್ಷೆ ಬರೆದವರು 180 ಮಂದಿ. ಗಣಿತದಲ್ಲಿ 90 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರು 41 ಮಂದಿ. ಪರೀಕ್ಷೆ-2ಕ್ಕೆ ಕೂರುವವರಿಗೆ ತರಗತಿಗಳು ನಡೆಯುತ್ತವೆ.

41 ಎಂಬ ಸಂಖ್ಯೆಗೆ ಅರ್ಥ ಬರುವುದು 180 ಜೊತೆಗಿದ್ದಾಗ. ಎಷ್ಟು ಜನ ಬರೆದರು ಎಂದು ಹೇಳದೆ ಎಷ್ಟು ಜನ ಗೆದ್ದರು ಎಂದಷ್ಟೇ ಹೇಳುವುದು ದಾರಿತಪ್ಪಿಸುವ ಹೇಳಿಕೆಗಳ ಹಳೆಯ ಪಟ್ಟು. ಓದುವ ಪೋಷಕರಿಗೆ ಈ ಎರಡು ಸಂಖ್ಯೆಗಳು ಒಂದು ಫೋಟೊಗಿಂತ ಹೆಚ್ಚು ತಿಳಿಸುತ್ತವೆ, ಯಾಕೆಂದರೆ ಅವರ ಮಗ ಆ ಟಾಪರ್ ಆಗುವುದಕ್ಕಿಂತ 180ರಲ್ಲಿ ಒಬ್ಬನಾಗುವ ಸಾಧ್ಯತೆಯೇ ಹೆಚ್ಚು.

ಹೆಸರಿಲ್ಲದ ಕ್ಯಾಪ್ಷನ್ ಕೂಡ ಗುರುತು ಬಿಟ್ಟುಕೊಡಬಹುದು. ‘ನಮ್ಮ ವಿದ್ಯಾರ್ಥಿನಿಯೊಬ್ಬರು 589’ ಎಂದರೆ ಸಣ್ಣ ಊರಿನಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಂಥ ಕಡೆ ಅಂಕದ ಗೆರೆಯನ್ನು ಕೆಳಗಿಳಿಸಬೇಕು: 585 ದಾಟಿದವರು ಒಬ್ಬರೇ ಆಗಿದ್ದರೆ 575, ಅಲ್ಲೂ ಇಬ್ಬರೇ ಆದರೆ 560. ಗುಂಪಿನಲ್ಲಿ ಕನಿಷ್ಠ ಐವರಾದರೂ ಇರುವಲ್ಲಿ ಗೆರೆ ಎಳೆದರೆ ಒಬ್ಬರನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ. ಆರೇ ಮಕ್ಕಳಿರುವ ಬ್ಯಾಚ್‌ಗೆ ಇದು ಹೊಂದುವುದಿಲ್ಲ. ಅಲ್ಲಿ ಅಂಕವನ್ನೇ ಬಿಟ್ಟು ಅಭಿನಂದನೆ ಹೇಳುವುದು ಸರಿ.

ಎರಡು ಮೂರು ದಿನಗಳಲ್ಲಿ ಒಪ್ಪಿಗೆ ಸಿಕ್ಕರೆ, ಎರಡನೇ ಪೋಸ್ಟ್ ಹೀಗಿರಬಹುದು:

> (ಮೊದಲ ಹೆಸರು) ಅವರಿಗೆ ಅಭಿನಂದನೆ. ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ 600ಕ್ಕೆ 589 ಅಂಕ. ನಮ್ಮಲ್ಲಿ ಕಲಿತದ್ದು: ಗಣಿತ ಮತ್ತು ಭೌತಶಾಸ್ತ್ರ, ವಾರಾಂತ್ಯದ ತರಗತಿ, 10 ತಿಂಗಳು, ಶುಲ್ಕ ಸಹಿತ. ಉಳಿದ ವಿಷಯಗಳನ್ನು ಕಾಲೇಜಿನಲ್ಲಿ ಕಲಿತಿದ್ದಾರೆ. ವಿದ್ಯಾರ್ಥಿನಿ ಮತ್ತು ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಪ್ರಕಟಿಸಲಾಗಿದೆ.

ತಂದೆಯ ಹೆಸರು, ಬಡಾವಣೆ, ನಂಬರ್ ಯಾವುದೂ ಇಲ್ಲ. ಕೋರ್ಸು, ಅವಧಿ, ಶುಲ್ಕದ ವಿವರ ಇದೆ. ಈ ಮೂರು ವಿವರ ಮಗುವಿನದಕ್ಕಿಂತ ಸೆಂಟರ್‌ನ ಕುರಿತಾದದ್ದು. ಹೇಳುವುದು ಕಡ್ಡಾಯ, ಹೇಳಿದರೆ ಮಗುವಿಗೆ ಹಾನಿ ಕಡಿಮೆ. ಆದರೂ ಯಾರಾದರೂ ‘ಫೋಟೊ ಹಾಕಿ, ಟ್ಯೂಷನ್‌ಗೆ ಬಂದದ್ದನ್ನು ಹೇಳಬೇಡಿ’ ಎಂದರೆ, ಫೋಟೊ ಬಿಡುವುದೊಂದೇ ದಾರಿ. ಕಡ್ಡಾಯದ ವಿವರ ಕೈಬಿಟ್ಟು ಫೋಟೊ ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ.

ಫೋಟೊ ಆಯ್ಕೆಯಲ್ಲೂ ಎಚ್ಚರ ಬೇಕು. ಕಾಲೇಜಿನ ಸಮವಸ್ತ್ರ, ಐಡಿ ಕಾರ್ಡ್, ಮನೆಯ ಮುಂದಿನ ಬೋರ್ಡು, ಸ್ಕೂಟರಿನ ನಂಬರ್ ಪ್ಲೇಟ್ ಇಲ್ಲದಂತೆ ಭುಜದವರೆಗಿನ ಚಿತ್ರ ಸಾಕು. ಮನೆಯವರು ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದ ಫೋಟೊದಲ್ಲಿ ತೆಗೆದ ಸ್ಥಳದ ಮಾಹಿತಿ ಅಡಗಿರಬಹುದು. ಸಾಮಾನ್ಯ ಫೋಟೊ ಆಗಿ ಕಳುಹಿಸಿದರೆ ಅದು ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಬಂದದ್ದನ್ನೇ ಸೆಂಟರ್‌ನ ವೆಬ್‌ಸೈಟಿಗೆ ಏರಿಸಿದರೆ ಮನೆಯ ಜಾಗ ಫೈಲಿನೊಳಗೇ ಹೋಗುತ್ತದೆ. ಫೈಲಿನ ಹೆಸರಿನಲ್ಲಿ ಪೂರ್ಣ ಹೆಸರು, ಫೋನ್ ನಂಬರ್ ಇದೆಯೇ ಎಂದೂ ನೋಡಬೇಕು.

ಒಪ್ಪಿಗೆ ಕೇಳುವ ಬಗೆ

ಪೋಷಕರ ಮುಂದೆ ಇಡಬೇಕಾದದ್ದು ಖಾಲಿ ಫಾರಂ ಅಲ್ಲ. ಆಯ್ದ ಫೋಟೊ ಮತ್ತು ಅಂತಿಮ ಕ್ಯಾಪ್ಷನ್ ಎರಡೂ ಮುದ್ರಿತವಾಗಿರುವ ಒಂದು ಹಾಳೆ. ಅದರ ಕೆಳಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು, ಇಲ್ಲ ಚೌಕಗಳು, ಯಾವುದಕ್ಕೂ ಮೊದಲೇ ಗುರುತು ಹಾಕಿರಬಾರದು. ಪಠ್ಯ ಇಷ್ಟು ಸರಳವಾಗಿರಲಿ:

> ಮೇಲಿನ ಫೋಟೊ ಮತ್ತು ಬರಹವನ್ನು ಓದಿದ್ದೇವೆ / ಓದಿಸಿ ಕೇಳಿದ್ದೇವೆ.
> ಹೆಸರು ಬಳಸಬಹುದು: ಹೌದು / ಇಲ್ಲ
> ಫೋಟೊ ಬಳಸಬಹುದು: ಹೌದು / ಇಲ್ಲ
> ಒಟ್ಟು ಅಂಕ ಬಳಸಬಹುದು: ಹೌದು / ಇಲ್ಲ
> ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್: ಹೌದು / ಇಲ್ಲ
> ವಾಟ್ಸಾಪ್ ಸ್ಟೇಟಸ್: ಹೌದು / ಇಲ್ಲ
> ಫ್ಲೆಕ್ಸ್ ಮತ್ತು ಪಾಂಪ್ಲೆಟ್: ಹೌದು / ಇಲ್ಲ
> ಹಣ ಕೊಟ್ಟು ಹರಡುವ ಜಾಹೀರಾತು: ಹೌದು / ಇಲ್ಲ
> ಈ ಒಪ್ಪಿಗೆ ಮುಂದಿನ ಮಾರ್ಚ್ 31ರವರೆಗೆ ಮಾತ್ರ. ಅದಕ್ಕೂ ಮೊದಲು ಯಾವಾಗ ಬೇಕಾದರೂ, ಕಾರಣ ಹೇಳದೆ, ಈ ನಂಬರಿಗೆ ಒಂದು ಮೆಸೇಜ್ ಕಳುಹಿಸಿ ಹಿಂದಕ್ಕೆ ಪಡೆಯಬಹುದು. ಅಲ್ಲಿಯವರೆಗೆ ಬೇರೆಯವರು ಉಳಿಸಿಕೊಂಡ ಅಥವಾ ಹಂಚಿಕೊಂಡ ಪ್ರತಿಗಳನ್ನು ತೆಗೆಸಲು ನಮ್ಮಿಂದ ಆಗದಿರಬಹುದು.
> ಒಪ್ಪದಿದ್ದರೂ ಬಹುಮಾನ, ಶುಲ್ಕದ ರಿಯಾಯಿತಿ, ಪ್ರಮಾಣಪತ್ರ ಯಾವುದಕ್ಕೂ ತೊಂದರೆ ಇಲ್ಲ.
> ಪೋಷಕರ ಸಹಿ, ದಿನಾಂಕ / ವಿದ್ಯಾರ್ಥಿಯ ಸಹಿ, ದಿನಾಂಕ

ವಿದ್ಯಾರ್ಥಿಯ ಸಹಿ ಯಾಕೆಂದರೆ, ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಫ್ಲೆಕ್ಸ್ ಮೇಲೆ ಮಗಳನ್ನು ನೋಡುವ ಆಸೆ ಇರುತ್ತದೆ, ಮಗಳಿಗೆ ಬೇಡವಾಗಿರುತ್ತದೆ. ಹೆಚ್ಚಿನ ಸೆಂಟರ್‌ಗಳು ಇಲ್ಲಿ ಅಪ್ಪನ ಮಾತನ್ನೇ ಅಂತಿಮ ಅಂದುಕೊಳ್ಳುತ್ತವೆ. ಪೋಷಕರ ಒಪ್ಪಿಗೆ ಕಾನೂನಿಗೆ ಬೇಕಾದದ್ದು, ಮಗುವಿನ ಒಪ್ಪಿಗೆ ಅದರ ಜೊತೆಗೆ ಬೇಕಾದದ್ದು. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಹಾಕಬಾರದು. ಮಗುವನ್ನು ಅಪ್ಪನೆದುರು ಕೇಳದೆ, ಅದು ಒಬ್ಬಂಟಿಯಾಗಿ ಇರುವಾಗ ಅದಕ್ಕೆ ಪರಿಚಯವಿರುವ ಉಪನ್ಯಾಸಕರು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಬೇಡವೆಂದವರ ಹತ್ತಿರ ಕಾರಣ ಕೇಳಕೂಡದು. ತಂದೆ ತಾಯಿಯ ನಡುವೆ ಮಗುವಿನ ವಶದ ಬಗ್ಗೆ ವ್ಯಾಜ್ಯ ಇರಬಹುದು, ಮಗು ಎಲ್ಲಿ ಓದುತ್ತಿದೆ ಎಂಬುದು ಒಬ್ಬರಿಗೆ ತಿಳಿಯಬಾರದಿರಬಹುದು. ಮಗು ಯಾವುದೋ ಪ್ರಕರಣದಲ್ಲಿ ಸಂತ್ರಸ್ತ ಅಥವಾ ಸಾಕ್ಷಿ ಆಗಿರಬಹುದು. ಅಂಥ ಮಕ್ಕಳ ಗುರುತು ಹೊರಗೆಡಹುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಕಾರಣ ಕೇಳಿದರೆ ಮನೆಯವರು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ಹೇಳಬಾರದ್ದನ್ನು ಹೇಳಬೇಕಾಗುತ್ತದೆ.

ಹಳ್ಳಿಯಲ್ಲಿರುವ ಪೋಷಕರನ್ನು ಸಹಿಗಾಗಿ ಬಸ್ಸು ಹತ್ತಿಸುವುದು ಬೇಕಿಲ್ಲ. ಅಡ್ಮಿಷನ್ ವೇಳೆ ದಾಖಲಾದ ನಂಬರಿಗೆ ಹಾಳೆಯ ಫೋಟೊ ಕಳುಹಿಸಿ, ಸಹಿ ಮಾಡಿದ ಪ್ರತಿಯನ್ನು ಅದೇ ನಂಬರಿನಿಂದ ತರಿಸಿಕೊಳ್ಳಬಹುದು. ಇಲ್ಲೇ ಸಾಮಾನ್ಯವಾಗಿ ಎಡವುವುದು. ಫಾರಂನ ‘ಪೋಷಕರ ಮೊಬೈಲ್’ ಕಾಲಂನಲ್ಲಿ ಹುಡುಗರು ತಮ್ಮದೇ ನಂಬರ್ ಬರೆದಿರುತ್ತಾರೆ, ಗೈರುಹಾಜರಿಯ ಮೆಸೇಜ್ ಮನೆಗೆ ಹೋಗದಿರಲೆಂದು. ಆ ನಂಬರಿನಿಂದ ಬಂದ ‘ಓಕೆ ಸರ್’ ಪೋಷಕರದ್ದಲ್ಲ. ಒಮ್ಮೆ ಕರೆ ಮಾಡಿ, ತಂದೆಯೊಡನೆಯೋ ತಾಯಿಯೊಡನೆಯೋ ಮಾತಾಡಿ, ಕ್ಯಾಪ್ಷನ್ನನ್ನು ಪೂರ್ತಿ ಓದಿಹೇಳಿ, ಅಡ್ಮಿಷನ್ ವೇಳೆ ಕೊಟ್ಟ ಗುರುತಿನ ದಾಖಲೆಯ ಹೆಸರಿನ ಜೊತೆ ಹೋಲಿಸಿ ನೋಡಬೇಕು. ಓದುಬರಹ ಬಾರದವರಾದರೆ ಹೆಬ್ಬೆಟ್ಟು ಮತ್ತು ಸೆಂಟರ್‌ಗೆ ಸೇರದ ಒಬ್ಬ ಸಾಕ್ಷಿಯ ಸಹಿ ಇರಲಿ. ಹಾಸ್ಟೆಲ್ ವಾರ್ಡನ್, ಅಣ್ಣ, ಚಿಕ್ಕಪ್ಪ ಕೊಟ್ಟ ಒಪ್ಪಿಗೆ ಅವರು ಕಾನೂನುಬದ್ಧ ಪೋಷಕರಾಗಿದ್ದರೆ ಮಾತ್ರ ಸಲ್ಲುತ್ತದೆ.

ಸನ್ಮಾನ ಸಮಾರಂಭದಲ್ಲಿ ಒಂದು ಕೈಯಲ್ಲಿ ಚೆಕ್, ಇನ್ನೊಂದು ಕೈಯಲ್ಲಿ ಫಾರಂ ಹಿಡಿದು ನಿಂತರೆ ಅದು ಮುಕ್ತ ಒಪ್ಪಿಗೆಯಲ್ಲ. ಬಹುಮಾನ ಕೊಟ್ಟು ಮುಗಿಸಿ, ಬೇರೆ ದಿನ ಕೇಳಬೇಕು.

ಪೋಸ್ಟ್ ಹಾಕಿದ ನಂತರ

ಕ್ಯಾಪ್ಷನ್‌ನಲ್ಲಿ ಬಿಟ್ಟದ್ದನ್ನು ಕಾಮೆಂಟ್‌ಗಳು ತುಂಬಿಸುತ್ತವೆ. ‘ಇವಳು ನಮ್ಮ ಪಕ್ಕದ ಬೀದಿಯವಳು’, ‘ಇವರಪ್ಪ ನನ್ನ ಫ್ರೆಂಡ್’ ಎಂಬ ಪ್ರೀತಿಯ ಮಾತುಗಳಲ್ಲೇ ವಿಳಾಸ ಹೊರಬರುತ್ತದೆ. ಟಾಪರ್ ಪೋಸ್ಟ್‌ಗೆ ಮಾತ್ರ ಕಾಮೆಂಟ್ ಬಂದ್ ಮಾಡುವ ಆಯ್ಕೆ ಇನ್‌ಸ್ಟಾಗ್ರಾಂನಲ್ಲಿದೆ. ಅದನ್ನು ಬಳಸುವುದೇ ಸುಲಭದ ದಾರಿ. ವಿದ್ಯಾರ್ಥಿಯ ಖಾಸಗಿ ಅಕೌಂಟನ್ನು ಟ್ಯಾಗ್ ಮಾಡಬಾರದು, ಮಾಡಿದರೆ ಅಪರಿಚಿತರ ಮೆಸೇಜ್‌ಗಳಿಗೆ ಬಾಗಿಲು ತೆರೆದಂತಾಗುತ್ತದೆ. ‘ಬೂಸ್ಟ್’ ಒತ್ತುವ ಮುನ್ನ ಹಾಳೆಯ ಆ ಸಾಲಿನಲ್ಲಿ ಹೌದು ಇದೆಯೇ ನೋಡಬೇಕು. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ಹರಡುವುದನ್ನು 2023ರ ಕಾಯ್ದೆ ನಿಷೇಧಿಸುವುದರಿಂದ, ಬೂಸ್ಟ್ ಮಾಡಿದರೂ 18 ದಾಟಿದವರಿಗೆ, ಅಂದರೆ ಪೋಷಕರ ವಯಸ್ಸಿನವರಿಗೆ ಮಾತ್ರ ಹೋಗುವಂತೆ ಹೊಂದಿಸಬೇಕು.

ಸೆಂಟರ್ ತಾನೇ ನಡೆಸುವ ವಾರದ ಟೆಸ್ಟ್‌ನ ಟಾಪರ್‌ಗಳ ಫೋಟೊ ಹಾಕುವ ರೂಢಿಯೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕೊಟ್ಟ ಕೋಚಿಂಗ್ ಮಾರ್ಗಸೂಚಿಯಲ್ಲಿ ಇಂಥ ಆಂತರಿಕ ಪರೀಕ್ಷೆಯ ಫಲಿತಾಂಶವನ್ನು ಬಹಿರಂಗಪಡಿಸಬಾರದು ಎಂದಿದೆ. ಇದಕ್ಕೆ ಕ್ಯಾಪ್ಷನ್ ತಿದ್ದುವ ಪ್ರಶ್ನೆಯೇ ಬರುವುದಿಲ್ಲ, ಹಾಕದಿರುವುದೇ ಸರಿ.

ನಮ್ಮ ಉದಾಹರಣೆಯ ಹುಡುಗಿಗೆ ಜುಲೈನಲ್ಲಿ 18 ತುಂಬುತ್ತದೆ. ಅಂದಿನಿಂದ ತೀರ್ಮಾನ ಆಕೆಯದೇ. ತಂದೆ ಸಹಿ ಹಾಕಿದ್ದರು ಎಂಬ ಕಾರಣಕ್ಕೆ ಆಕೆಯ ‘ತೆಗೆಯಿರಿ’ ಎಂಬ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಆ ಮೆಸೇಜ್ ಬಂದ ದಿನ ಎಲ್ಲೆಲ್ಲಿ ಹಾಕಿದ್ದೇವೆ ಎಂದು ಹುಡುಕುತ್ತ ಕೂರದಿರಲು ಒಂದು ರಿಜಿಸ್ಟರ್ ಬೇಕು: ವಿದ್ಯಾರ್ಥಿ, ಒಪ್ಪಿಗೆಯ ದಿನಾಂಕ, ಯಾವುದಕ್ಕೆ ಹೌದು, ಪ್ರತಿ ಪೋಸ್ಟ್‌ನ ಲಿಂಕ್, ಫ್ಲೆಕ್ಸ್ ಕಟ್ಟಿದ ಜಾಗ, ತೆಗೆಯಬೇಕಾದ ದಿನ. ಪೋಸ್ಟ್ ಅಳಿಸಿದವರು ಸಾಮಾನ್ಯವಾಗಿ ಮರೆಯುವುದು ಇನ್‌ಸ್ಟಾಗ್ರಾಂನ ಹೈಲೈಟ್ಸ್, ಎಲ್ಲ ಟಾಪರ್‌ಗಳ ಮುಖ ಜೋಡಿಸಿದ ರೀಲ್, ಗೂಗಲ್ ಮ್ಯಾಪ್‌ನಲ್ಲಿ ಸೆಂಟರ್‌ನ ಹೆಸರಿನಡಿ ಏರಿಸಿದ ಫೋಟೊಗಳು ಮತ್ತು ಡಿಸೈನ್ ಮಾಡುವವನ ಕಂಪ್ಯೂಟರಿನಲ್ಲಿ ಉಳಿದ ಫೈಲ್. ಮುಂದಿನ ವರ್ಷದ ‘ನಮ್ಮ ಹಿಂದಿನ ಸಾಧಕರು’ ಪಾಂಪ್ಲೆಟ್ ಹುಟ್ಟುವುದು ಈ ಕೊನೆಯದರಿಂದಲೇ. ಆದ್ದರಿಂದ ಅಳಿಸುವ ಪಟ್ಟಿಯಲ್ಲಿ ಅವನ ಹೆಸರೂ ಇರಬೇಕು, ಅಳಿಸಿದ್ದೇನೆಂಬ ಅವನ ಮೆಸೇಜ್ ಬಂದ ಮೇಲೆಯೇ ರಿಜಿಸ್ಟರ್‌ನ ಆ ಸಾಲನ್ನು ಮುಗಿಸಬೇಕು.